ಶುಕ್ರವಾರ ದಶಮಿ, ಶನಿವಾರ ಏಕಾದಶಿ, ಭಾನುವಾರ ದ್ವಾದಶಿ: ಮೇಲಿನ ಮನೆಯವರಿಗೆ ಬೇಜಾರಾಗಿದೆ, ಏನು ಮಾಡಲಿ?

ಒಂಟಿಕೊಪ್ಪಲು ಕಾಫಿ
ಸ್ವಲ್ಪ ಉದ್ದ ಇದೆ, ಬೈಬೇಡಿ. ಮೈಸೂರಿನಲ್ಲಿ ನಮ್ಮ ಮೇಲಿನ ಮನೆಗೆ ಎಂಟು ತಿಂಗಳ ಹಿಂದೆ ಹಾಸನದ ಕಡೆಯವರು ಬಾಡಿಗೆಗೆ ಬಂದರು. ಒಳ್ಳೆಯ ಜನ. ನಮ್ಮ ಅತ್ತೆಗೆ ಮಂಡಿ ನೋವು ಅಂತ ಗೊತ್ತಾದ ಮೇಲೆ ಬೆಳಗಿನ ಹಾಲಿನ ಪ್ಯಾಕೆಟ್ ಅವರೇ ತಂದು ನಮ್ಮ ಬಾಗಿಲಿಗೆ ಸಿಕ್ಕಿಸಿ ಹೋಗುತ್ತಾರೆ. ಅವರ ಮಗಳಿಗೆ ಕೆಲಸ ಸಿಕ್ಕಿತು, ಮೊದಲ ಸಂಬಳ ಬಂತು. ಆ ಖುಷಿಗೆ ಶನಿವಾರ ರಾತ್ರಿ ಊಟಕ್ಕೆ ಕರೆದರು. "ಅಮ್ಮನ್ನೂ ಕರ್ಕೊಂಡು ಬನ್ನಿ, ಈರುಳ್ಳಿ ಬೆಳ್ಳುಳ್ಳಿ ಹಾಕದೆ ಬೇರೆ ಪಾತ್ರೆಯಲ್ಲೇ ಮಾಡ್ತೀನಿ" ಅಂದರು ಮನೆಯಾಕೆ.

ಶನಿವಾರ ಏಕಾದಶಿ. ನಾವು ಮಾಧ್ವರು, ಅತ್ತೆಗೆ 74, ಅವತ್ತು ಏನೂ ಮುಟ್ಟಲ್ಲ. ಹಾಗಂತ ಹೇಳಿದೆ. "ಅಯ್ಯೋ ಅದಕ್ಕೇನು, ಶುಕ್ರವಾರ ಇಟ್ಟುಕೊಳ್ಳೋಣ" ಅಂದರು. ಶುಕ್ರವಾರ ದಶಮಿ, ಅತ್ತೆ ಮಧ್ಯಾಹ್ನ ಒಂದೇ ಊಟ, ರಾತ್ರಿ ಇಲ್ಲ. ಮತ್ತೆ ಮೆಟ್ಟಿಲು ಹತ್ತಿ ಹೋಗಿ ಅದನ್ನೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ, ಭಾನುವಾರ?" ಅಂದರು. ನಾನು ಪೆದ್ದಿ, "ನೋಡೋಣ" ಅಂದು ಕೆಳಗೆ ಬಂದೆ. ಅತ್ತೆಯನ್ನು ಕೇಳಿದರೆ ದ್ವಾದಶಿ ರಾತ್ರಿಯೂ ಇಲ್ಲ! ಮೂರನೇ ಸಲ ಹೇಳಿದಾಗ ಆಕೆ ನಕ್ಕರು, ಆದರೆ ಆ ನಗು ಹೇಗಿತ್ತು ಅಂತ ನಿಮಗೆ ಗೊತ್ತಾಗುತ್ತೆ. "ನಮ್ಮ ಮನೇಲಿ ಊಟ ಮಾಡೋಕೆ ಇಷ್ಟ ಇಲ್ಲ ಅಂತ ಮೊದಲೇ ಹೇಳಿದ್ರೆ ಆಗ್ತಿತ್ತು ಬಿಡಿ" ಅಂದರು. ಎರಡು ದಿನದಿಂದ ಹಾಲು ಬರ್ತಾ ಇದೆ, ಬೆಲ್ ಮಾತ್ರ ಒತ್ತುತ್ತಿಲ್ಲ. ಈಗ ಏನು ಮಾಡಲಿ?

ಬಿಸಿಲೂರು ಬುತ್ತಿ
ಇಷ್ಟಕ್ಕೆ ಇಷ್ಟು ಉದ್ದನಾ? ಏಕಾದಶಿ ಅಂದ್ರೆ ಅನ್ನ ತಿನ್ನಬಾರದು ಅಷ್ಟೇ. ಸಬ್ಬಕ್ಕಿ ಕಿಚಡಿ, ಅವಲಕ್ಕಿ, ಉಪ್ಪಿಟ್ಟು ನಡೆಯುತ್ತೆ. ನಮ್ಮ ಮನೆಯಲ್ಲಿ ಏಕಾದಶಿ ದಿನವೇ ಜಾಸ್ತಿ ತಿಂಡಿ. ಅವರಿಗೆ ಉಪ್ಪಿಟ್ಟು ಮಾಡಿ ಅಂದಿದ್ದರೆ ಮುಗೀತಿತ್ತು.

ಪಂಚಾಂಗದ ಮೇಷ್ಟ್ರು
ಬಿಸಿಲೂರು, ಅದು ನಿಮ್ಮ ಮನೆಯ ಪದ್ಧತಿ, ತಪ್ಪು ಅನ್ನೋದಿಲ್ಲ. ಫಲಾಹಾರ ಅಂತ ಅನ್ನ ಬಿಟ್ಟು ಉಳಿದದ್ದು ತಿನ್ನುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕಟ್ಟುನಿಟ್ಟಾಗಿ ಮಾಡುವ ಮಾಧ್ವರ ಮನೆಯಲ್ಲಿ ಅವತ್ತು ಒಲೆಯನ್ನೇ ಹಚ್ಚೋದಿಲ್ಲ. ದಿನವೂ ಮೂರು ಸಲ ತೆಗೆದುಕೊಳ್ಳುವ ತೀರ್ಥವನ್ನು ಅವತ್ತು ಒಂದೇ ಸಲ ತೆಗೆದುಕೊಳ್ಳುತ್ತಾರೆ. ಇನ್ನು ಉಪ್ಪಿಟ್ಟು ಎಲ್ಲಿ ಬಂತು?

ಒಂಟಿಕೊಪ್ಪಲು ಅವರೇ, ನಿಮ್ಮ ತಪ್ಪು ನೇಮದಲ್ಲಿಲ್ಲ, ಕಂತಿನಲ್ಲಿದೆ. ಅದು ಒಂದು ದಿನದ ಉಪವಾಸ ಅಲ್ಲ, ಮೂರು ದಿನದ ಲೆಕ್ಕ. ದಶಮಿ ದಿನ ಮಧ್ಯಾಹ್ನ ಒಂದು ಊಟ. ಏಕಾದಶಿ ಏನೂ ಇಲ್ಲ. ದ್ವಾದಶಿ ಬೆಳಿಗ್ಗೆ ಪಾರಣೆ, ಆಮೇಲೆ ರಾತ್ರಿ ಊಟ ಇಲ್ಲ. ಅಂದರೆ ಮೂರು ರಾತ್ರಿಯೂ ಊಟ ತಪ್ಪಿತು. ಇದು ನಿಮಗೆ ಮನೆಯಲ್ಲೇ ನೋಡಿ ಗೊತ್ತು. ಮೇಲಿನವರಿಗೆ ಏಕಾದಶಿ ಅಂದರೆ ಕ್ಯಾಲೆಂಡರಿನ ಒಂದು ಚೌಕ ಅಷ್ಟೇ. ಅವರು ಚೌಕ ಬಿಟ್ಟು ಪಕ್ಕದ ಚೌಕಕ್ಕೆ ಬಂದರು, ನೀವು ಅಲ್ಲೂ ಇಲ್ಲ ಅಂದಿರಿ, ಆ ಕಡೆಯ ಚೌಕಕ್ಕೆ ಹೋದರು, ಅಲ್ಲೂ ಇಲ್ಲ. ಅವರ ಜಾಗದಲ್ಲಿ ನಾನಿದ್ದರೂ ಇದು ನೆಪ ಅಂತಲೇ ಅಂದುಕೊಳ್ಳುತ್ತಿದ್ದೆ. ಮೊದಲ ಸಲವೇ "ಶುಕ್ರವಾರದಿಂದ ಭಾನುವಾರದವರೆಗೆ ಅತ್ತೆ ರಾತ್ರಿ ಊಟ ಮಾಡಲ್ಲ, ಸೋಮವಾರದಿಂದ ಯಾವಾಗ ಕರೆದರೂ ಬರ್ತೀವಿ" ಅಂದಿದ್ದರೆ ಒಂದೇ ಮಾತಿಗೆ ಮುಗಿಯುತ್ತಿತ್ತು.

ಧಾರವಾಡ ಫೇಡೆ
ಮೇಷ್ಟ್ರು ಹೇಳಿದ್ದು ಖರೆ ಅದ ನೋಡ್ರಿ. ನಾನು ಕರೆಯುವವಳ ಕಡೆಯಿಂದ ಹೇಳ್ತೀನಿ. ನಾವು ಲಿಂಗಾಯತರು, ನಮ್ಮ ಓಣಿಯಾಗ ಆಚಾರ್ಯರ ಮನೆಗಳು ನಾಲ್ಕು ಇವೆ. ಬರಲ್ಲ ಅಂದರೆ ನನಗೆ ಬೇಜಾರಿಲ್ಲ. "ನೋಡೋಣ" ಅಂದರೆ ಬೇಜಾರು. ಯಾಕೆ ಅಂದರೆ "ನೋಡೋಣ" ಅಂದ ಮೇಲೆ ನಾನು ಅವರ ಲೆಕ್ಕ ಹಿಡಿದೇ ಕಡಲೆಬೇಳೆ ಬೇಯಿಸ್ತೀನಿ. ಒಂದು ಸಲ ಐದು ಜನ ಬರ್ತಾರೆ ಅಂತ ಹೋಳಿಗೆಗೆ ಎರಡು ಸೇರು ಹೂರಣ ಅರೆದಿದ್ದೆ, ಸಂಜೆ ಆರಕ್ಕೆ ಫೋನ್ ಬಂತು, "ವೈನಿ, ಇವತ್ತು ದಶಮಿ ಅಂತ ಮರ್ತೇ ಹೋಗಿತ್ತು". ದಶಮಿ ಏನು ಸಂಜೆ ಆರಕ್ಕೆ ಬಂತೇನು? ಬೇಳೆ ತೊಳೆಯೋಕೆ ಮುಂಚೆ ಹೇಳ್ರಿ, ಅಷ್ಟೇ ನಮ್ಮ ಅರ್ಜಿ.

ಸೈಕಲ್ ಶಿವಮೊಗ್ಗ
ನಾನು ಕಳೆದ ವರ್ಷ ಅಯ್ಯಪ್ಪ ಮಾಲೆ ಹಾಕಿದ್ದೆ. 41 ದಿನ. ಅಷ್ಟರಲ್ಲೇ ಗೆಳೆಯನ ಮನೆಯಲ್ಲಿ ಬಾಡೂಟ. ಹೋದೆ, ಹಜಾರದಲ್ಲಿ ಕೂತೆ, ಎಳನೀರು ಕುಡಿದೆ, ಬಂದೆ. ಕಪ್ಪು ಬಟ್ಟೆ ನೋಡಿದರೆ ಯಾರೂ ಏನೂ ಕೇಳಲ್ಲ. ಅತ್ತೆಯವರಿಗೂ ಒಂದು ಮಾಲೆ ಹಾಕಿಸಿ 😀

ಬಿಸಿಲೂರು ಬುತ್ತಿ
ಶಿವಮೊಗ್ಗದವರೇ, ತಮಾಷೆ ಅಂದರೂ ಅದರಲ್ಲಿ ವಿಷಯ ಇದೆ. ನಿಮ್ಮ ವ್ರತ ಕಣ್ಣಿಗೆ ಕಾಣುತ್ತೆ. ಏಕಾದಶಿ ಕಾಣಲ್ಲ. ಅದಕ್ಕೇ ಅನುಮಾನ. ಆದರೆ ಇನ್ನೊಂದು ಡೌಟು. ನಮ್ಮ ಗೋಡೆ ಕ್ಯಾಲೆಂಡರಿನಲ್ಲಿ ಆ ಏಕಾದಶಿ ಶುಕ್ರವಾರಕ್ಕೇ ಇದೆಯಲ್ಲ? ನೀವು ಶನಿವಾರ ಅಂತಿದ್ದೀರಿ. ಮೇಲಿನವರೂ ಕ್ಯಾಲೆಂಡರ್ ನೋಡಿದ್ದರೆ?

ಪಂಚಾಂಗದ ಮೇಷ್ಟ್ರು
ಈ ಸಲ ನೀವು ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಸ್ಮಾರ್ತರು ಸೂರ್ಯೋದಯಕ್ಕೆ ಯಾವ ತಿಥಿ ಇದೆ ಅಂತ ನೋಡುತ್ತಾರೆ. ಮಾಧ್ವರು ಇನ್ನೂ ಹಿಂದಕ್ಕೆ ಹೋಗಿ ಅರುಣೋದಯಕ್ಕೆ ನೋಡುತ್ತಾರೆ. ಅಂದರೆ ಸೂರ್ಯ ಹುಟ್ಟೋಕೆ ನಾಲ್ಕು ಘಳಿಗೆ ಮುಂಚೆ, ನಮ್ಮ ಗಡಿಯಾರದಲ್ಲಿ 96 ನಿಮಿಷ. ಆ ಹೊತ್ತಿಗೆ ದಶಮಿ ಸ್ವಲ್ಪ ಉಳಿದಿದ್ದರೂ ಆ ಏಕಾದಶಿ ಕೆಟ್ಟಿತು ಅಂತ ಮಾರನೇ ದಿನ ಮಾಡುತ್ತಾರೆ. ಅದಕ್ಕೇ ಕೆಲವು ಸಲ ಎರಡು ಮನೆಗೆ ಎರಡು ಏಕಾದಶಿ. ಪಕ್ಕದ ಮನೆಯ ಸ್ಮಾರ್ತ ಅಜ್ಜಿ ಶುಕ್ರವಾರವೇ ಉಪವಾಸ ಮಾಡಿ ಶನಿವಾರ ಬಾಳೆಎಲೆ ಹಾಕಿಕೊಂಡು ಕೂತರೆ, ಮೇಲಿನವರಿಗೆ ನೀವು ಹೇಳಿದ್ದು ಸುಳ್ಳು ಅಂತಲೇ ಕಾಣುತ್ತೆ. ಇದನ್ನೆಲ್ಲ ಅವರಿಗೆ ಪಾಠ ಮಾಡಬೇಡಿ. "ನಮ್ಮ ಮಠದ ಪಂಚಾಂಗದ ಪ್ರಕಾರ ಶನಿವಾರ" ಅಂದರೆ ಸಾಕು.

ನ್ಯೂಜೆರ್ಸಿ ನಾಣಿ
ನಾವು ಇಲ್ಲಿ ಸುಲಭ ಮಾಡಿಕೊಂಡಿದ್ದೇವೆ. ಹೋಗೋದು, ಮಾತಾಡೋದು, ಡಬ್ಬಿಗೆ ಹಾಕಿಸಿಕೊಂಡು ಬರೋದು, ಮಾರನೇ ದಿನ ತಿನ್ನೋದು. ಕರೆದವರಿಗೂ ಖುಷಿ. ಡಬ್ಬಿ ಹಿಡಿದು ಹೋಗಿ.

ಅಗ್ರಹಾರ ಅಳಿಯ
ನಾಣಿಯವರೇ, ಡಬ್ಬಿ ಕಥೆ ನಾನು ಹೇಳ್ತೀನಿ. ನಮ್ಮ ಅತ್ತೆ ಮನೆಯಲ್ಲೂ ಇದೇ ಆಯಿತು. ಏಕಾದಶಿ ದಿನ ಎದುರು ಮನೆಯವರು ಡಬ್ಬಿ ತುಂಬಾ ಪುಳಿಯೋಗರೆ, ಶಾವಿಗೆ ಪಾಯಸ ಕೊಟ್ಟರು. ಸಂಕೋಚಕ್ಕೆ ಇಸಿದುಕೊಂಡರು. ಮಾರನೇ ದಿನಕ್ಕೆ ಅದು ತಂಗಳು, ನಮ್ಮತ್ತೆ ತಂಗಳು ಮುಟ್ಟಲ್ಲ. ಬಿಸಾಡೋಕೆ ಮನಸ್ಸು ಬರಲಿಲ್ಲ, ವಾಚ್‌ಮನ್‌ಗೆ ಕೊಟ್ಟರು. ವಾಚ್‌ಮನ್ ಹೆಂಡತಿ ಕೆಲಸ ಮಾಡೋದು ಅದೇ ಎದುರು ಮನೆಯಲ್ಲಿ. ಡಬ್ಬಿ ತೊಳೆದು ನೇರ ಅಲ್ಲಿಗೇ ವಾಪಸ್ ತಂದುಕೊಟ್ಟಳು, "ಪುಳಿಯೋಗರೆ ಚೆನ್ನಾಗಿತ್ತು ಅಕ್ಕ" ಅಂತ ಬೇರೆ ಹೇಳಿದಳು. ಆ ಎರಡು ಮನೆ ಮಧ್ಯೆ ಎರಡು ವರ್ಷ ಮಾತಿರಲಿಲ್ಲ. ತಿನ್ನೋದು ಗ್ಯಾರಂಟಿ ಇಲ್ಲದಿದ್ದರೆ ಡಬ್ಬಿ ಮುಟ್ಟಲೇಬೇಡಿ.

ಧಾರವಾಡ ಫೇಡೆ
ಅಯ್ಯಯ್ಯ! ಡಬ್ಬಿ ಖಾಲಿ ವಾಪಸ್ ಕೊಟ್ಟಳೋ, ಏನಾದರೂ ಹಾಕಿ ಕೊಟ್ಟಳೋ?

ಅಗ್ರಹಾರ ಅಳಿಯ
ನಾಲ್ಕು ಬಾಳೆಹಣ್ಣು ಇಟ್ಟು ಕೊಟ್ಟಳಂತೆ. ಅವಳಿಗಿದ್ದ ರೀತಿನೀತಿ ನಮ್ಮವರಿಗಿರಲಿಲ್ಲ.

ನೇರ ಮಾತು
ಎಲ್ಲರೂ ಸುತ್ತಿ ಬಳಸಿ ಮಾತಾಡ್ತಿದ್ದೀರಿ, ನಾನು ನೇರ ಕೇಳ್ತೀನಿ. ಒಂಟಿಕೊಪ್ಪಲು ಅವರೇ, ದ್ವಾದಶಿ ರಾತ್ರಿ ನಿಮ್ಮ ಸ್ವಂತ ನೆಂಟರು ಕರೆದರೆ ಅತ್ತೆ ಹೋಗ್ತಾರಾ? ಮತ್ತೆ ಉಪವಾಸ ಯಾವುದೂ ಇಲ್ಲದ ಮಂಗಳವಾರ ಮೇಲಿನವರು ಕರೆದರೆ ಅವರ ಮನೆ ಅನ್ನ ತಿಂತಾರಾ? ಎರಡಕ್ಕೂ ಉತ್ತರ ಕೊಡಿ. ನಾವು ಗೌಡರು. ನಮ್ಮಪ್ಪನ ಕಾಲದಲ್ಲಿ ನಮ್ಮ ಮನೆಗೆ ಬಂದ ಶ್ಯಾನುಭೋಗರಿಗೆ ಹಾಲು ಹಣ್ಣು ಮಾತ್ರ, ಅದೂ ಜಗಲಿ ಮೇಲೆ. ಆಗಲೂ ಯಾವತ್ತೂ ಏನೋ ಒಂದು ವ್ರತ ಇರ್ತಿತ್ತು. ಹಾಸನದವರಿಗೆ ನೆನಪಾಗಿರೋದು ಅದೇ ಇರಬೇಕು.

ಬಿಸಿಲೂರು ಬುತ್ತಿ
ಶುರುವಾಯ್ತು. ಊಟದ ವಿಷಯಕ್ಕೆ ಜಾತಿ ತರಲೇಬೇಕಾ?

ನೇರ ಮಾತು
ನಾನು ತರಲಿಲ್ಲ. ಅದು ಊಟದ ಎಲೆಯ ಮೇಲೆ ಮೊದಲೇ ಇತ್ತು.

ಒಂಟಿಕೊಪ್ಪಲು ಕಾಫಿ
ಕೇಳಿದ್ದು ಒಳ್ಳೆಯದಾಯಿತು, ಉತ್ತರ ಕೊಡ್ತೀನಿ. ಮೊದಲನೆಯದು: ಇಲ್ಲ. ಹೋದ ವರ್ಷ ಅತ್ತೆಯ ತಂಗಿ ಮಗಳ ಸೀಮಂತ ದ್ವಾದಶಿ ದಿನ ಬಂತು, ಮಧ್ಯಾಹ್ನದ ಊಟವನ್ನೂ ಮಾಡಲಿಲ್ಲ, ಬೆಳಿಗ್ಗೆ ಪಾರಣೆ ಆಗಿತ್ತು ಅಂತ. ತಂಗಿಯೂ ಮುನಿಸಿಕೊಂಡರು. ಎರಡನೆಯದು: ಇಲ್ಲ, ಅವರ ಮನೆ ಅನ್ನ ಸಾರು ತಿನ್ನಲ್ಲ. ಕಾಫಿ ಕುಡೀತಾರೆ, ಹಣ್ಣು, ಹುರಿದದ್ದು ಕರಿದದ್ದು ತಿಂತಾರೆ. ಹೋಟೆಲಿಗೂ ಹೋಗಲ್ಲ, ಮಡಿಯಲ್ಲಿ ಮಾಡದಿದ್ದರೆ ನಾನು ಮಾಡಿದ್ದನ್ನೂ ತಿನ್ನಲ್ಲ. ನಾನು, ನನ್ನ ಗಂಡ ಎಲ್ಲ ಕಡೆ ಎಲ್ಲ ತಿಂತೀವಿ. ಅಂದರೆ ಇಲ್ಲಿ ಎರಡು "ಇಲ್ಲ" ಇವೆ. ನಾನು ಒಂದನ್ನು ಹೇಳಿ ಇನ್ನೊಂದನ್ನು ಅದರ ಹಿಂದೆ ಬಚ್ಚಿಟ್ಟೆ ಅಂತ ಈಗ ಬರೆಯುವಾಗ ಅನ್ನಿಸ್ತಿದೆ.

ನೇರ ಮಾತು
ಒಪ್ಪಿಕೊಂಡಿರಲ್ಲ, ಸಂತೋಷ. ನಿಮ್ಮ ಅತ್ತೆಯನ್ನು ನಾನು ಬದಲಾಯಿಸೋಕೆ ಹೋಗಲ್ಲ. ಆದರೆ ಏಕಾದಶಿ ಲೆಕ್ಕ ಮುಗಿದ ಮೇಲೆ ಸೋಮವಾರ ಬರ್ತೀವಿ ಅಂತ ಮೇಷ್ಟ್ರು ಹೇಳಿಕೊಟ್ಟ ಹಾಗೆ ಹೇಳಿ, ಸೋಮವಾರ ಹೋಗಿ ಅನ್ನ ಬೇಡ ಅಂದರೆ ಇವತ್ತಿಗಿಂತ ಜಾಸ್ತಿ ನೋವಾಗುತ್ತೆ. ಅದನ್ನು ಯೋಚನೆ ಮಾಡಿ.

ಪಂಚಾಂಗದ ಮೇಷ್ಟ್ರು
ಈ ಮಾತು ಸರಿ. ನಾನು ತಿಥಿ ಮಾತ್ರ ನೋಡಿದೆ.

ಬೀದರ್ ಬೇವು
ನನ್ನ ಕಡೆಯಿಂದ ಒಂದು. ನಾವು ಮುಸ್ಲಿಮರು, ಮದುವೆಯಾದ ಮೊದಲ ವರ್ಷ ಕಲಬುರಗಿಯಲ್ಲಿದ್ದಾಗ ರಂಜಾನ್ ತಿಂಗಳಲ್ಲಿ ಆಫೀಸಿನ ಒಬ್ಬ ಅಕ್ಕ ಮನೆಯ ವಾಸ್ತುಶಾಂತಿಗೆ ಮಧ್ಯಾಹ್ನ ಕರೆದರು. ರೋಜಾ ಇದೆ ಅಂತ ಹೋಗದೆ ಇರಬೇಕು ಅಂದುಕೊಂಡಿದ್ದೆ. ನಮ್ಮ ಅಮ್ಮ ಬೈದರು. ಕರೆದರೆ ಹೋಗಬೇಕು, ಉಪವಾಸ ಇದ್ದರೆ ಆ ಮನೆಗೆ ಒಳ್ಳೆಯದಾಗಲಿ ಅಂತ ದುವಾ ಮಾಡಿ ಬರಬೇಕು, ಹದೀಸಿನಲ್ಲೇ ಹಾಗಿದೆ ಅಂದರು. ಹೋದೆ. ಆದರೆ ಊಟದ ಹೊತ್ತಿಗೆ ಹೋಗಲಿಲ್ಲ, ಬೆಳಿಗ್ಗೆ ಹತ್ತಕ್ಕೆ ಹೋಗಿ ಹೂ ಕಟ್ಟೋಕೆ ಕೂತೆ, ಎಲೆ ಹಾಕುವ ಮುಂಚೆ ಎದ್ದು ಬಂದೆ. ಎಲ್ಲರ ಮಧ್ಯೆ ಖಾಲಿ ಎಲೆ ಮುಂದೆ ಕೂತರೆ ಬಡಿಸುವವರಿಗೆ ಕೈ ಬರಲ್ಲ. ಅವತ್ತೇ ಸಂಜೆ ಆ ಅಕ್ಕ ಇಫ್ತಾರ್ ಹೊತ್ತಿಗೆ ಒಂದು ತಟ್ಟೆ ಕರ್ಜೂರ, ಕಲ್ಲಂಗಡಿ ಹಿಡಿದು ನಮ್ಮ ಮನೆಗೆ ಬಂದರು. ಅತ್ತೆಯವರನ್ನು ಏಕಾದಶಿ ದಿನವೇ ಸುಮ್ನೆ ಹತ್ತು ನಿಮಿಷ ಕರ್ಕೊಂಡು ಹೋಗಬಹುದಿತ್ತಲ್ವಾ? ಮಗುವಿಗೆ ಆಶೀರ್ವಾದ ಮಾಡೋಕೆ ಊಟ ಬೇಕಾ?

ಒಂಟಿಕೊಪ್ಪಲು ಕಾಫಿ
ನಿಜ ಹೇಳಬೇಕು ಅಂದರೆ ಇದು ಹೊಳೆಯಲೇ ಇಲ್ಲ. ಊಟ ಇಲ್ಲ ಅಂದರೆ ಹೋಗೋದೇ ಇಲ್ಲ ಅಂತ ನಾನೇ ಅಂದುಕೊಂಡುಬಿಟ್ಟೆ.

ಮೂಡಬಿದ್ರೆ ಮಳೆ
ಜೈನರ ಕಡೆಯಿಂದ: ನಮಗೆ ದಿನವೂ ಇದೇ. ಸೂರ್ಯ ಮುಳುಗಿದ ಮೇಲೆ ಊಟ ಇಲ್ಲ. ರಾತ್ರಿ ಊಟಕ್ಕೆ ಕರೆದವರಿಗೆ "ಐದೂವರೆಗೆ ಬಂದರೆ ಆಗುತ್ತಾ" ಅಂತ ನಾವೇ ಕೇಳ್ತೀವಿ. ಹತ್ತರಲ್ಲಿ ಏಳು ಜನ ಖುಷಿಯಿಂದ ಹೂಂ ಅಂತಾರೆ, ಉಳಿದವರ ಮನೆಗೆ ಊಟ ಮುಗಿಸಿಕೊಂಡು ಹೋಗ್ತೀವಿ. ಬಟಾಟೆ, ಈರುಳ್ಳಿ, ಗೆಡ್ಡೆ ಯಾವುದೂ ಬೇಡ ಅಂತಲೂ ಆಗಲೇ ಹೇಳಿಬಿಡ್ತೀವಿ. ಒಮ್ಮೆ ಹೇಳೋಕೆ ನಾಚಿಕೊಂಡು ಸಾಗು ಪಕ್ಕಕ್ಕೆ ಸರಿಸಿ ಕೂತಿದ್ದೆ, ಅವರು ರುಚಿ ಚೆನ್ನಾಗಿಲ್ಲ ಅಂದುಕೊಂಡು ಇನ್ನೂ ಒಂದು ಸೌಟು ತುಪ್ಪ ಸುರಿದರು.

ಸೈಕಲ್ ಶಿವಮೊಗ್ಗ
74 ವರ್ಷಕ್ಕೆ ನೀರೂ ಇಲ್ಲದ ಉಪವಾಸ ಯಾಕೆ? ಶುಗರ್ ಇದ್ದರೆ? ನಮ್ಮಜ್ಜಿ ಹೀಗೇ ಮಾಡಿ ಬಚ್ಚಲಲ್ಲಿ ಬಿದ್ದರು.

ಪಂಚಾಂಗದ ಮೇಷ್ಟ್ರು
ಎಂಟು ವರ್ಷದಿಂದ ಎಂಬತ್ತರವರೆಗೆ ಮಾಡಬೇಕು ಅಂತ ಶಾಸ್ತ್ರದ ಮಾತಿದೆ, ಅವರು ಅದನ್ನೇ ಹಿಡಿದಿರುತ್ತಾರೆ. ಕಾಯಿಲೆ ಇರುವವರಿಗೆ, ಆಗದವರಿಗೆ ಹಾಲು ಹಣ್ಣಿನ ರಿಯಾಯಿತಿಯೂ ಇದೆ. ಶುಗರ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬಾರದು. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇದು ದಾರಿ ತಪ್ಪುತ್ತೆ.

ಈಗ ಮುಂದಿನ ದಿನ ನೋಡೋಣ. ಇದು ಶುಕ್ಲ ಪಕ್ಷದ ಏಕಾದಶಿ. ಮುಂದಿನದು ಹದಿನೈದು ದಿನ ಬಿಟ್ಟು ಭಾನುವಾರಕ್ಕೇ ಬರುತ್ತೆ, ಆ ವಾರಾಂತ್ಯವೂ ಹೋಯಿತು. ಮಧ್ಯದ ವಾರಾಂತ್ಯ ನಿಮಗೆ ಬಿಡುವು. ಆದರೆ ಆ ಭಾನುವಾರ ಬಹುಳ ಚೌತಿ, ಸಂಕಷ್ಟಿ. ಹಾಸನದವರು ಸಂಕಷ್ಟಿ ಮಾಡ್ತಾರಾ ಕೇಳಿ ನೋಡಿ.

ಒಂಟಿಕೊಪ್ಪಲು ಕಾಫಿ
ಮಾಡ್ತಾರೆ!! ಆಕೆ ಪ್ರತಿ ಸಂಕಷ್ಟಿಗೂ ಟೆರೇಸಿನಲ್ಲಿ ಚಂದ್ರನನ್ನು ಹುಡುಕ್ತಿರ್ತಾರೆ. ಮೋಡ ಇದ್ದರೆ ನನಗೇ ಫೋನ್ ಮಾಡಿ "ನಿಮ್ಮ ಕಿಟಕಿಯಿಂದ ಕಾಣ್ತಾ ಇದ್ಯಾ" ಅಂತಾರೆ. ನನಗೆ ಇದು ಯಾಕೆ ಹೊಳೆಯಲಿಲ್ಲ ದೇವರೇ.

ಅಗ್ರಹಾರ ಅಳಿಯ
ಹಾಗಾದರೆ ಅವರಿಗೆ ಉಪವಾಸ ಅಂದರೆ ಏನು ಅಂತ ಹೇಳಿಕೊಡೋದೇ ಬೇಡ. ಅವತ್ತು ಅವರ ಮನೆಯಲ್ಲೂ ಈರುಳ್ಳಿ ಬೆಳ್ಳುಳ್ಳಿ ಇರಲ್ಲ. ಇನ್ನೊಂದು ಮಾತು. ನಮ್ಮಜ್ಜಿ ಬೇರೆಯವರ ಮನೆ ಮುಸುರೆ ತಿಂತಿರಲಿಲ್ಲ, ಆದರೆ ನೀರು ಹಾಕದೆ ಹಾಲಿನಲ್ಲೇ ಹಿಟ್ಟು ಕಲಸಿ ಕರಿದ ಕಡುಬು ಕೊಟ್ಟರೆ ಎರಡು ತಿಂತಿದ್ದರು. ನಿಮ್ಮ ಅತ್ತೆಗೂ ಹೀಗೇನಾದರೂ ಒಂದು ದಾರಿ ಇರುತ್ತೆ, ಕೇಳಿ ನೋಡಿ.

ನೇರ ಮಾತು
ಕರಿದರೆ ಮೈಲಿಗೆ ಹೋಗುತ್ತೆ, ಬೇಯಿಸಿದರೆ ಹೋಗಲ್ಲ. ಆಯ್ತು. ಎಣ್ಣೆ ಕಂಪನಿಯವರಿಗೆ ಈ ವಿಷಯ ಗೊತ್ತಾ?

ಧಾರವಾಡ ಫೇಡೆ
😂😂 ನಕ್ಕು ಸಾಕಾಯ್ತು. ಆದರೂ ಕಡುಬಿಗೆ ಹಾಲಿನಲ್ಲಿ ಕಲಸಿದ ಕಣಕ ಗರಿಗರಿ ಬರಲ್ಲ, ಮೆತ್ತಗಾಗ್ತದ. ಒಂದು ಚಮಚ ಬಿಸಿ ತುಪ್ಪ ಹಾಕಿ ಕಲಸ್ರಿ.

ಒಂಟಿಕೊಪ್ಪಲು ಕಾಫಿ
ಎಲ್ಲರಿಗೂ: ಹತ್ತು ದಿನ ಆಯ್ತು, ಏನಾಯ್ತು ಅಂತ ಬರೀತೀನಿ ಅಂದಿದ್ದೆ.

ನೀವು ಬರೆದ ಮಾರನೇ ದಿನವೇ ಮೇಲೆ ಹೋದೆ. ಅಡುಗೆಮನೆ ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ. ಮೂರು ದಿನದ ಲೆಕ್ಕ ಮೊದಲೇ ಹೇಳದೆ ಕಂತಿನಲ್ಲಿ ಹೇಳಿದ್ದು ನನ್ನ ತಪ್ಪು ಅಂದೆ. ಇನ್ನೊಂದನ್ನೂ ಹೇಳಿದೆ: "ಅತ್ತೆ ಯಾರ ಮನೆ ಅನ್ನವನ್ನೂ ತಿನ್ನಲ್ಲ, ಹೋಟೆಲಲ್ಲೂ ಇಲ್ಲ, ಅದು ನನಗೂ ಇಷ್ಟ ಇಲ್ಲ, ಆದರೆ ನಾವಿಬ್ಬರು ಎರಡು ಸಲ ಬಡಿಸಿಕೊಂಡು ತಿಂತೀವಿ." ಆಕೆ ಒಗ್ಗರಣೆ ಹಾಕ್ತಿದ್ದರು, ತಿರುಗಿ ನೋಡದೆ "ನಮ್ಮಜ್ಜೀನೂ ಹಾಗೇ ಇದ್ರು, ಬೇರೆ ಥರ" ಅಂದರು. ಯಾವ ಥರ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಂಕಷ್ಟಿ ಭಾನುವಾರ ರಾತ್ರಿ ಬನ್ನಿ ಅಂತ ಅವರೇ ಕರೆದರು. ಅತ್ತೆಯನ್ನು ಮೆಟ್ಟಿಲು ಹತ್ತಿಸೋಕೆ ಕಾಲು ಗಂಟೆ ಬೇಕಾಯಿತು. ಚಂದ್ರ ಕಾಣುವಾಗ ಒಂಬತ್ತೂಕಾಲು ದಾಟಿತ್ತು. ಅಷ್ಟು ಹೊತ್ತೂ ಅತ್ತೆ ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಬಳ ಎಷ್ಟು, ಪಿಎಫ್ ಎಷ್ಟು ಹಿಡೀತಾರೆ ಅಂತ ಕೇಳ್ತಿದ್ದರು. ಪೂಜೆ ಆದ ಮೇಲೆ ಅವರಿಗೆ ಬೇರೆ ಎಲೆಯಲ್ಲಿ ಕರಿಗಡುಬು, ಬಾಳೆಹಣ್ಣು, ಹಾಲು. ಹಿಟ್ಟು ಹಾಲಲ್ಲೇ ಕಲಸಿದ್ದರು, ನಾನು ಹೇಳಿದ್ದಕ್ಕೆ. ಅತ್ತೆ ಎರಡು ತಿಂದರು, ಮೂರನೆಯದನ್ನು ಸೆರಗಿಗೆ ಕಟ್ಟಿಕೊಂಡರು. ನಮಗೆ ಅನ್ನ ಬಡಿಸುವಾಗ ಆಕೆ ಅತ್ತೆಯ ಎಲೆ ದಾಟಿಕೊಂಡು ಹೋದರು, ಬೇಕಾ ಅಂತ ಕೇಳಲಿಲ್ಲ. ಬೇಜಾರು ಪೂರ್ತಿ ಹೋಯಿತಾ ಅಂದರೆ ನನಗೆ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಹಾಲಿನ ಜೊತೆ ಬೆಲ್ ಒತ್ತಿದರು.

ನೇರ ಮಾತು
ಎಲೆ ದಾಟಿಕೊಂಡು ಹೋದರು ಅಂತ ಬರೆದಿರಲ್ಲ, ನಾನಾಗಿದ್ದರೆ ಅನ್ನದ ಪಾತ್ರೆ ಹಿಡಿದು ಅಲ್ಲಿ ನಿಂತು ಒಂದು ಸಲ ಕೇಳ್ತಿದ್ದೆ. ಆಕೆ ನನಗಿಂತ ದೊಡ್ಡ ಮನುಷ್ಯಳು.

ಧಾರವಾಡ ಫೇಡೆ
ಕಡುಬು ಗರಿಗರಿ ಇತ್ತೇನ್ರಿ?

ಒಂಟಿಕೊಪ್ಪಲು ಕಾಫಿ
ಮೆತ್ತಗಿತ್ತು. ತುಪ್ಪದ ವಿಷಯ ಹೇಳೋಕೆ ಮರೆತೆ.